ಹಬ್ಬದ ಜಾಹೀರಾತಿನಲ್ಲಿ ಗ್ರಾಹಕರ ಮಾತು: ಒಪ್ಪಿಗೆ ಕೇಳುವುದು ಹೇಗೆ, ಎಷ್ಟು ತಿದ್ದಬಹುದು

ದೀಪಾವಳಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ನನಗೆ ಬರುವ ಫೋನ್‌ಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುತ್ತದೆ. "ಗ್ರಾಹಕರು ವಾಟ್ಸಾಪ್‌ನಲ್ಲಿ ತುಂಬಾ ಚೆನ್ನಾಗಿದೆ ಅಂತ ಬರೆದಿದ್ದಾರೆ. ಅದನ್ನ ಪಾಂಪ್ಲೆಟ್‌ಗೆ ಹಾಕಬಹುದಾ? ಸ್ವಲ್ಪ ತಿದ್ದಿದರೆ ತಪ್ಪಾ?" ಸಣ್ಣ ವ್ಯಾಪಾರಿಗಳ ಜಾಹೀರಾತಿಗೆ ಮಾತು ಬರೆದುಕೊಡುವುದು ನನ್ನ ಕೆಲಸ. ಹಾಗಾಗಿ ಪ್ರತಿ ಹಬ್ಬಕ್ಕೂ ಇದೇ ಉತ್ತರವನ್ನು ಹತ್ತಾರು ಜನರಿಗೆ ಹೇಳುತ್ತೇನೆ. ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಚಿಕ್ಕದಾಗಿ ಹೇಳುವುದಾದರೆ: ಹಾಕಬಹುದು, ಆದರೆ ಕೇಳಿ ಹಾಕಬೇಕು. ತಿದ್ದಬಹುದು, ಆದರೆ ಕಡಿಮೆ ಮಾಡಬಹುದೇ ಹೊರತು ಸೇರಿಸುವಂತಿಲ್ಲ. ಕೇಳಲು ಸುಲಭ. ಮಾಡಲು ಕೂತಾಗ ಎಲ್ಲಿ ಕಾಲು ಜಾರುತ್ತದೆ ಎನ್ನುವುದೇ ಈ ಲೇಖನ.

ಉದಾಹರಣೆಗೆ ಒಂದು ವ್ಯಾಪಾರವನ್ನು ಇಟ್ಟುಕೊಳ್ಳೋಣ. ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ರವೆ ಉಂಡೆ ಮಾಡಿ, ಹಬ್ಬಕ್ಕೆ ಡಬ್ಬಿ ಕಟ್ಟಿ ಮಾರುವವರು. ಆರ್ಡರ್ ಬರುವುದು ವಾಟ್ಸಾಪ್‌ನಲ್ಲಿ. ಜಾಹೀರಾತು ಹೋಗುವುದು ಸ್ಟೇಟಸ್‌ಗೆ, ಇನ್‌ಸ್ಟಾಗ್ರಾಮ್‌ಗೆ, ಮತ್ತೆ ಬೆಳಗಿನ ಪೇಪರ್ ಒಳಗೆ ಇಟ್ಟು ಹಂಚುವ ಪಾಂಪ್ಲೆಟ್‌ಗೆ. ಸೀರೆ ಅಂಗಡಿಯಾದರೂ, ಪೂಜಾ ಸಾಮಾನಿನ ಅಂಗಡಿಯಾದರೂ ಹೆಜ್ಜೆಗಳು ಇವೇ.

ಮೊದಲೇ ತಿಳಿದಿರಬೇಕಾದ ಕಾನೂನು

"ಚಕ್ಕುಲಿ ಮಾರುವವರಿಗೆ ಯಾವ ಕಾನೂನು?" ಎಂದು ಕೇಳುತ್ತಾರೆ. ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೊಡ್ಡ ಕಂಪನಿ, ಸಣ್ಣ ವ್ಯಾಪಾರ ಎಂದು ಭೇದ ಮಾಡದೆ ಎಲ್ಲ ಜಾಹೀರಾತಿಗೂ ಅನ್ವಯಿಸುತ್ತದೆ. ಅದರ ಕೆಳಗೆ ಜೂನ್ 2022ರಲ್ಲಿ ಜಾರಿಯಾದ ಮಾರ್ಗಸೂಚಿಯಲ್ಲಿ ಎಂಡಾರ್ಸ್‌ಮೆಂಟ್ ಬಗ್ಗೆ ನಿಯಮಗಳಿವೆ. ಎಂಡಾರ್ಸ್‌ಮೆಂಟ್ ಎಂದರೆ, ನೋಡಿದವರಿಗೆ "ಇದು ಆ ವ್ಯಕ್ತಿಯ ಸ್ವಂತ ಅಭಿಪ್ರಾಯ, ಸ್ವಂತ ಅನುಭವ" ಎಂದು ಅನಿಸುವಂಥ ಯಾವುದೇ ಮಾತು. ಸಿನಿಮಾ ತಾರೆಯರ ಮಾತು ಮಾತ್ರ ಅಲ್ಲ, ನಿಮ್ಮ ಗ್ರಾಹಕರ ನಾಲ್ಕು ಸಾಲೂ ಅದೇ. ಆ ಮಾತು ನಿಜವಾಗಿ ಅವರದೇ ಆಗಿರಬೇಕು, ಇತ್ತೀಚಿನದಾಗಿರಬೇಕು, ವಸ್ತುವನ್ನು ಬಳಸಿದ ಅನುಭವದಿಂದಲೋ ಸಾಕಷ್ಟು ತಿಳಿದುಕೊಂಡೋ ಹೇಳಿದ್ದಾಗಿರಬೇಕು ಎನ್ನುತ್ತದೆ ಮಾರ್ಗಸೂಚಿ. ಸುಳ್ಳು ಅಥವಾ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಈ ದಂಡದ ನಿಯಮದಲ್ಲಿ ಮಾಲು ತಯಾರಿಸಿದವರ ಜೊತೆ ಎಂಡಾರ್ಸ್‌ಮೆಂಟ್ ಕೊಟ್ಟವರ ಹೆಸರೂ ಇದೆ. ಅಂದರೆ ನೀವು ಸೇರಿಸಿದ ಸುಳ್ಳಿನ ಕೆಳಗೆ ನಿಲ್ಲುವುದು ನಿಮ್ಮ ಗ್ರಾಹಕರ ಹೆಸರು. ನನಗೆ ದಂಡದ ಮೊತ್ತಕ್ಕಿಂತ ಇದೇ ದೊಡ್ಡ ವಿಷಯ.

ಇನ್ನು ಹೆಸರು, ಫೋಟೊ, ಊರು, ಫೋನ್ ನಂಬರ್ ಇವೆಲ್ಲ ವೈಯಕ್ತಿಕ ಮಾಹಿತಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆಂದು 2023ರಲ್ಲಿ ಬಂದ ಕಾಯ್ದೆ ಒಪ್ಪಿಗೆ ಹೇಗಿರಬೇಕು ಎಂದು ಹೇಳುತ್ತದೆ. ಬಲವಂತ ಇರಬಾರದು, ಯಾವುದಕ್ಕೆ ಎಂದು ಸ್ಪಷ್ಟವಾಗಿರಬೇಕು, ಕೊಟ್ಟ ಒಪ್ಪಿಗೆಯನ್ನು ಅಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು. ಕೆಳಗಿನ ಹೆಜ್ಜೆಗಳನ್ನು ಇದಕ್ಕೆ ಹೊಂದುವಂತೆಯೇ ಬರೆದಿದ್ದೇನೆ.

1. ಹಬ್ಬಕ್ಕೆ ಮೂರು ವಾರ ಮುಂಚೆ ಮಾತುಗಳನ್ನು ಕೂಡಿಹಾಕಿ

ಹಬ್ಬದ ವಾರದಲ್ಲಿ ಒಪ್ಪಿಗೆ ಕೇಳಲು ಹೋಗಬೇಡಿ. ಮನೆ ತೊಳೆಯುವುದು, ಬಟ್ಟೆ ತರುವುದು, ಊರಿಗೆ ಹೋಗುವುದು, ಇದರ ನಡುವೆ ಯಾರೂ ನಿಮ್ಮ ಮೆಸೇಜ್ ಓದಿ ಯೋಚಿಸಿ ಉತ್ತರ ಕೊಡುವುದಿಲ್ಲ. ಉತ್ತರ ಬಾರದೆ ಇದ್ದಾಗ ನಿಮಗೂ "ಏನೂ ಅನ್ಕೊಳಲ್ಲ ಬಿಡು, ಹಾಕೋಣ" ಅನಿಸಿಬಿಡುತ್ತದೆ. ನಾನು ಕಂಡ ತಪ್ಪುಗಳಲ್ಲಿ ಅರ್ಧ ಈ ಅವಸರದಿಂದಲೇ ಆದವು.

ನೀರು ತುಂಬುವ ಹಬ್ಬಕ್ಕೆ ಮೂರು ವಾರ ಇರುವಾಗ ಕೂತು, ಗೌರಿ-ಗಣೇಶ ಹಬ್ಬದ ಆರ್ಡರ್‌ಗಳ ಮೆಸೇಜ್‌ಗಳನ್ನು ನೋಡಿ. ಎಂಟು ಹತ್ತು ಮಾತು ಆರಿಸಿ. ಜಾಹೀರಾತಿಗೆ ಬೇಕಾಗುವುದು ಮೂರೇ ಇರಬಹುದು. ಆದರೆ ಕೆಲವರು ಬೇಡ ಎನ್ನುತ್ತಾರೆ, ಕೆಲವರು ಉತ್ತರಿಸುವುದಿಲ್ಲ.

ಆರಿಸುವಾಗ ಒಂದು ವಿಷಯ ನೋಡಿ: ಅವರು ಹೊಗಳಿದ ತಿಂಡಿ ಈಗಲೂ ಅದೇನಾ? ಹೋದ ವರ್ಷ ಕಡಲೆಕಾಯಿ ಎಣ್ಣೆಯಲ್ಲಿ ಕರಿಯುತ್ತಿದ್ದಿರಿ, ಈ ವರ್ಷ ಬೇರೆ ಎಣ್ಣೆಗೆ ಬದಲಾಗಿದ್ದೀರಿ ಎಂದುಕೊಳ್ಳಿ. ಆಗ ಹೋದ ವರ್ಷದ "ಎಣ್ಣೆ ವಾಸನೆ ಇಲ್ಲ" ಎಂಬ ಮಾತು ಈ ವರ್ಷದ ಚಕ್ಕುಲಿಗೆ ಸಲ್ಲುವುದಿಲ್ಲ. ಬೆಲೆಯ ಮಾತೂ ಹಾಗೇ. "ಈ ಬೆಲೆಗೆ ಇಷ್ಟು ಯಾರೂ ಕೊಡಲ್ಲ" ಎಂದು ಅವರು ಬರೆದಾಗ ಡಬ್ಬಿಗೆ 350 ರೂಪಾಯಿ ಇದ್ದು, ಈಗ 450 ಆಗಿದ್ದರೆ ಆ ಸಾಲು ಕೈಬಿಡಿ.

ಮಾತೇ ಇಲ್ಲ, ಹೊಸದಾಗಿ ಕೇಳಬೇಕು ಎನ್ನುವವರು ಡಬ್ಬಿ ತಲುಪಿದ ಎರಡು ಮೂರು ದಿನದೊಳಗೆ ಕೇಳಿ. ರುಚಿ ನಾಲಿಗೆಯ ಮೇಲೆ ಇರುವಾಗ ಹೇಳುವ ಮಾತೇ ಬೇರೆ. ಕೇಳುವ ರೀತಿಯೂ ಮುಖ್ಯ. "ಚೆನ್ನಾಗಿದೆ ಅಂತ ನಾಲ್ಕು ಸಾಲು ಬರೆದುಕೊಡಿ" ಎಂದರೆ ಅವರು ದಾಕ್ಷಿಣ್ಯಕ್ಕೆ ಬರೆಯುತ್ತಾರೆ. ನೀವೇ ಸಾಲು ಬರೆದು "ಇದಕ್ಕೆ ಹೂಂ ಅನ್ನಿ" ಎಂದರೆ ಅದು ಅವರ ಮಾತಾಗುವುದಿಲ್ಲ, ನಿಮ್ಮದೇ ಆಗುತ್ತದೆ. ಬದಲಿಗೆ ಸುಮ್ನೆ ಪ್ರಶ್ನೆ ಕೇಳಿ. ಡಬ್ಬಿಯಲ್ಲಿ ಮೊದಲು ಖಾಲಿಯಾದದ್ದು ಯಾವುದು? ಯಾರು ಜಾಸ್ತಿ ತಿಂದರು? ಏನು ಸರಿಹೋಗಲಿಲ್ಲ? ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ಅದನ್ನು ಕೇಳಿದಾಗ ಮೊದಲೆರಡರ ಉತ್ತರವೂ ನಿಜ ಬರುತ್ತದೆ.

ಎಚ್ಚರಿಕೆ: ಚಿಕ್ಕಮ್ಮ, ಭಾವ, ನಿಮ್ಮಲ್ಲಿ ಕೆಲಸ ಮಾಡುವವರು, ಇವರ ಹೊಗಳಿಕೆ ಎಷ್ಟೇ ಮನಸಾರೆ ಇದ್ದರೂ "ಗ್ರಾಹಕರು ಹೇಳಿದ್ದು" ಎಂದು ಹಾಕಬೇಡಿ. ನೋಡುವವರು ಇವರನ್ನು ಸಂಬಂಧ ಇಲ್ಲದ ಗ್ರಾಹಕರು ಎಂದುಕೊಳ್ಳುತ್ತಾರೆ. ಅಂಥ ಸಂಬಂಧ ಇದ್ದರೆ ಜಾಹೀರಾತಿನಲ್ಲೇ ಹೇಳಬೇಕು ಎನ್ನುವುದು ಮಾರ್ಗಸೂಚಿಯ ನಿಯಮ.

2. ಒಪ್ಪಿಗೆ ಕೇಳಿ, ಪೂರ್ತಿ ವಿವರ ಕೊಟ್ಟು ಕೇಳಿ

"ಅಕ್ಕ, ನಿಮ್ಮ ಮೆಸೇಜ್ ಹಾಕ್ಲಾ?" ಎಂದು ಕೇಳಿ, ಅವರು ಒಂದು ಹೆಬ್ಬೆಟ್ಟು ಕಳಿಸಿದರೆ, ಅದು ಯಾವುದಕ್ಕೆ ಒಪ್ಪಿಗೆ? ಸ್ಟೇಟಸ್‌ಗೋ, ಪೇಪರ್‌ನ ಪಾಂಪ್ಲೆಟ್‌ಗೋ, ಫೋಟೊ ಸಮೇತವೋ? ಅವರು ಸ್ಟೇಟಸ್ ಎಂದುಕೊಂಡಿರುತ್ತಾರೆ. ನೀವು ಎರಡು ಸಾವಿರ ಪಾಂಪ್ಲೆಟ್ ಅಚ್ಚು ಹಾಕಿಸಿರುತ್ತೀರಿ. ಜಗಳ ಶುರುವಾಗುವುದು ಇಲ್ಲೇ.

ಒಪ್ಪಿಗೆಯ ಮೆಸೇಜ್‌ನಲ್ಲಿ ಐದು ವಿಷಯ ಇರಲಿ: ಯಾವ ಸಾಲು, ಎಲ್ಲೆಲ್ಲಿ ಹಾಕುತ್ತೀರಿ, ಹೆಸರು ಹೇಗೆ ಹಾಕುತ್ತೀರಿ, ಎಲ್ಲಿಯವರೆಗೆ ಇರುತ್ತದೆ, ಬೇಡ ಅನಿಸಿದರೆ ಏನು ಮಾಡಬೇಕು. ನಾನು ಬಳಸುವ ಮೆಸೇಜ್ ಹೀಗಿದೆ. ನಿಮ್ಮ ಮಾತಿಗೆ ತಕ್ಕಂತೆ ಬದಲಿಸಿಕೊಳ್ಳಿ:

"ನಮಸ್ತೆ ಮೇಡಂ. ಗಣೇಶ ಹಬ್ಬದ ಡಬ್ಬಿ ಬಗ್ಗೆ ನೀವು ಬರೆದ ಮಾತನ್ನು ನಮ್ಮ ದೀಪಾವಳಿ ಜಾಹೀರಾತಿನಲ್ಲಿ ಹಾಕಬೇಕು ಅಂತ ಆಸೆ. ಹಾಕುವ ಸಾಲು ಇದು: (ಸಾಲು). ವಾಟ್ಸಾಪ್ ಸ್ಟೇಟಸ್, ಇನ್‌ಸ್ಟಾಗ್ರಾಮ್ ಮತ್ತು ಪಾಂಪ್ಲೆಟ್, ಈ ಮೂರು ಕಡೆ ಮಾತ್ರ. ನಿಮ್ಮ ಹೆಸರು ಹಾಕಬಹುದಾ, ಊರು ಮಾತ್ರ ಸಾಕಾ ತಿಳಿಸಿ. ಫೋಟೊ, ನಂಬರ್ ಹಾಕುವುದಿಲ್ಲ. ತುಳಸಿ ಹಬ್ಬ ಮುಗಿದ ಮೇಲೆ ತೆಗೆಯುತ್ತೇವೆ. ನಡುವೆ ಬೇಡ ಅನಿಸಿದರೆ ಇದೇ ನಂಬರ್‌ಗೆ ಒಂದು ಮಾತು ಹೇಳಿ, ಅವತ್ತೇ ತೆಗೆಯುತ್ತೇವೆ. ಪಾಂಪ್ಲೆಟ್ ಮಾತ್ರ ಅಚ್ಚಾದ ಮೇಲೆ ವಾಪಸ್ ತೆಗೆಯಲು ಆಗುವುದಿಲ್ಲ, ಹಾಗಾಗಿ ಅದು ಬೇಡ ಅನಿಸಿದರೆ ಈಗಲೇ ಹೇಳಿ. ಒಪ್ಪಿಗೆ ಇದ್ದರೆ 'ಒಪ್ಪಿಗೆ' ಅಂತ ಬರೆದು ಕಳಿಸಿ. ಬೇಡ ಅಂದರೂ ನಮಗೆ ಏನೂ ಬೇಜಾರಿಲ್ಲ."

ಸ್ವಲ್ಪ ಉದ್ದ ಆಯಿತು, ಅಲ್ವಾ? ಆದರೂ ಇಷ್ಟೂ ಬೇಕು. ಸ್ಟೇಟಸ್ 24 ಗಂಟೆಗೆ ತಾನೇ ಹೋಗುತ್ತದೆ, ಪೋಸ್ಟ್ ಅನ್ನು ನೀವು ಅಳಿಸಬಹುದು. ಪಾಂಪ್ಲೆಟ್ ಮಾತ್ರ ಒಮ್ಮೆ ಮನೆಮನೆಗೆ ಹೋದರೆ ಹೋಯಿತು. ಅದಕ್ಕೇ ಅಚ್ಚಿನ ವಿಷಯವನ್ನು ಬೇರೆಯಾಗಿ ಹೇಳಬೇಕು.

ಉತ್ತರ ಬಾರದಿದ್ದರೆ ಒಂದು ಸಲ ನೆನಪಿಸಿ. ಆಮೇಲೂ ಬಾರದಿದ್ದರೆ ಆ ಮಾತನ್ನು ಬಿಟ್ಟುಬಿಡಿ. "ನಾಳೆಯೊಳಗೆ ಉತ್ತರ ಬರದಿದ್ದರೆ ಒಪ್ಪಿಗೆ ಅಂತ ತಿಳ್ಕೋತೀವಿ" ಎಂದು ಬರೆಯುವವರಿದ್ದಾರೆ. ಅದು ಒಪ್ಪಿಗೆ ಅಲ್ಲ. ಸುಮ್ಮನಿದ್ದವರು ಮೆಸೇಜ್ ನೋಡಿಯೇ ಇಲ್ಲದಿರಬಹುದು.

"ಹೂಂ ಅಂದರೆ ನೂರು ರೂಪಾಯಿ ಕಡಿಮೆ" ಎಂದು ಆಸೆ ತೋರಿಸಬೇಡಿ. ಆಗ ಹೊಗಳಿಕೆಗೆ ದುಡ್ಡು ಕೊಟ್ಟಂತಾಗುತ್ತದೆ. ಹೇಳಿದ ಮೇಲೆ ಪ್ರೀತಿಯಿಂದ ಒಂದು ಡಬ್ಬಿ ಕೊಡಬೇಕು ಅನಿಸಿದರೆ, ಜಾಹೀರಾತು ಮುಗಿದ ಮೇಲೆ ಕೊಡಿ. ಮೊದಲೇ ಉಚಿತವಾಗಿ ಕೊಟ್ಟು ಅಭಿಪ್ರಾಯ ಪಡೆದಿದ್ದರೆ, "ಉಚಿತವಾಗಿ ಕೊಟ್ಟ ಡಬ್ಬಿಯ ಬಗ್ಗೆ" ಎಂದು ಸಾಲಿನ ಕೆಳಗೆ ಬರೆಯಿರಿ.

ಗೂಗಲ್ ರಿವ್ಯೂ ಬಗ್ಗೆ ಬಹಳ ಜನ ಕೇಳುತ್ತಾರೆ. "ಅವರೇ ಎಲ್ಲರಿಗೂ ಕಾಣುವಂತೆ ಬರೆದಿದ್ದಾರೆ, ಮತ್ತೆ ಯಾಕೆ ಕೇಳಬೇಕು?" ಅವರು ಬರೆದದ್ದು ಅಲ್ಲಿ ಓದುವವರಿಗೆ. ತಮ್ಮ ಹೆಸರು ನಿಮ್ಮ ಪಾಂಪ್ಲೆಟ್‌ನಲ್ಲಿ ಪಕ್ಕದ ಮನೆಯವರ ಕೈಗೆ ಸಿಗುತ್ತದೆ ಎಂದು ಅವರು ಬರೆಯಲಿಲ್ಲ. ರಿವ್ಯೂ ಕೆಳಗೆ ಉತ್ತರ ಬರೆದು, ನಿಮ್ಮ ನಂಬರ್‌ಗೆ ಸಂಪರ್ಕಿಸಲು ಕೇಳಿ. ಸಿಗದಿದ್ದರೆ ಬಿಡಿ.

ಫೋಟೊದಲ್ಲಿ ಮಕ್ಕಳಿದ್ದರೆ ಇನ್ನೊಂದು ಹೆಜ್ಜೆ ಹೆಚ್ಚು. ರವೆ ಉಂಡೆ ಕಚ್ಚುತ್ತಿರುವ ಮಗುವಿನ ಫೋಟೊ ಹಬ್ಬದ ಜಾಹೀರಾತಿಗೆ ತುಂಬಾ ಚೆಂದ ಕಾಣುತ್ತದೆ, ನಿಜ. ಆದರೆ 18 ವರ್ಷದೊಳಗಿನವರ ವಿಷಯದಲ್ಲಿ ಒಪ್ಪಿಗೆ ಅಪ್ಪ, ಅಮ್ಮ ಅಥವಾ ಕಾನೂನುಬದ್ಧ ಪೋಷಕರದೇ ಆಗಿರಬೇಕು. ಕಳಿಸಿದವರು ಅತ್ತೆಯೋ ಚಿಕ್ಕಪ್ಪನೋ ಆಗಿದ್ದರೆ ಅವರ ಒಪ್ಪಿಗೆ ಸಾಲದು.

3. ಒಪ್ಪಿಗೆಯನ್ನು ಸಿಗುವ ಹಾಗೆ ಎತ್ತಿಡಿ

ಒಂದು ನೋಟ್‌ಬುಕ್ ಸಾಕು. ಒಂದು ಸಾಲಿಗೆ ಒಬ್ಬರು. ಮೂಲ ಮೆಸೇಜ್ ಬಂದ ದಿನ, ಒಪ್ಪಿಗೆ ಬಂದ ದಿನ, ಎಲ್ಲೆಲ್ಲಿ ಹಾಕಲು ಒಪ್ಪಿದ್ದಾರೆ, ಯಾವಾಗ ತೆಗೆಯಬೇಕು. ಮೂಲ ಮೆಸೇಜ್ ಮತ್ತು ಒಪ್ಪಿಗೆ ಎರಡರ ಸ್ಕ್ರೀನ್‌ಶಾಟ್ ಒಂದೇ ಫೋಲ್ಡರ್‌ನಲ್ಲಿ ಇಡಿ. ಕೆಲವರು ವಾಟ್ಸಾಪ್‌ನಲ್ಲಿ ಮೆಸೇಜ್ ತಾನಾಗಿ ಅಳಿಸಿಹೋಗುವ ಸೌಲಭ್ಯ ಆನ್ ಮಾಡಿರುತ್ತಾರೆ. ಒಂದು ವಾರ ಬಿಟ್ಟು ನೋಡಿದರೆ ಏನೂ ಇರುವುದಿಲ್ಲ. ಹಾಗಾಗಿ ಬಂದ ದಿನವೇ ಎತ್ತಿಡಿ. ಫೋನ್‌ನಲ್ಲಿ ಬಾಯಿಮಾತಿನಲ್ಲಿ ಒಪ್ಪಿದರೆ, ಫೋನ್ ಇಟ್ಟ ಕೂಡಲೇ "ಈಗ ಮಾತಾಡಿದಂತೆ" ಎಂದು ಶುರುಮಾಡಿ ಅದೇ ಮೆಸೇಜ್ ಕಳಿಸಿ, ಉತ್ತರ ಬರೆಸಿಕೊಳ್ಳಿ.

4. ತಿದ್ದುವುದು: ಒಂದು ಮೆಸೇಜ್ ಇಟ್ಟುಕೊಂಡು ನೋಡೋಣ

ಇಡೀ ಕೆಲಸದ ಜೀವ ಇರುವುದು ಈ ಹೆಜ್ಜೆಯಲ್ಲಿ. ಹಾಗಾಗಿ ನಿಧಾನವಾಗಿ ನೋಡೋಣ. ದಾವಣಗೆರೆಯ ಒಬ್ಬ ಗ್ರಾಹಕಿ ಗಣೇಶ ಹಬ್ಬದ ಡಬ್ಬಿ ತಲುಪಿದ ಮೇಲೆ ಹೀಗೆ ಬರೆದಿದ್ದಾರೆ ಎಂದುಕೊಳ್ಳಿ:

"ಅಕ್ಕ ಡಬ್ಬಿ ನೆನ್ನೆ ಬಂತು ಒಂದಿನ ಲೇಟು ಪರ್ವಾಗಿಲ್ಲ. ಚಕ್ಲಿ ತುಂಬ ಚೆನಾಗಿದೆ, ನಮ್ಮತ್ತೆಗೆ ಹೊರಗಿಂದು ಯಾವ್ದೂ ಹಿಡ್ಸಲ್ಲ ಆದ್ರೆ ಇದನ್ನ ಎರಡ್ ಸಲ ಕೇಳಿ ಹಾಕುಸ್ಕೊಂಡ್ರು. ಕೋಡ್ಬಳೆ ಖಾರ ಜಾಸ್ತಿ ಆಯ್ತು ಮಕ್ಳು ಮುಟ್ಲಿಲ್ಲ. ಎಣ್ಣೆ ವಾಸ್ನೆ ಒಂಚೂರೂ ಇಲ್ಲ. ಹೋದ್ಸಲದ್ದು ಇಪ್ಪತ್ ದಿನ ಆದ್ರೂ ಗರಿಗರಿ ಇತ್ತು"

ಒಳ್ಳೆಯ ಮೆಸೇಜ್. ಇಂಥದ್ದು ಕೈಗೆ ಸಿಕ್ಕಾಗ ಹಲವರು ಮಾಡುವುದು ಹೀಗೆ:

"ಮನೆಮಂದಿಯೆಲ್ಲ ಮೆಚ್ಚಿದ ಹಬ್ಬದ ಡಬ್ಬಿ! ಅಜ್ಜಿಯ ಕೈರುಚಿ ನೆನಪಾಯಿತು. 20 ದಿನ ಗರಿಗರಿ, ಖಾತ್ರಿ!"

ಇದರಲ್ಲಿ ಆ ಗ್ರಾಹಕಿ ಹೇಳಿದ ಮಾತು ಎಷ್ಟಿದೆ? ಮಕ್ಕಳು ಕೋಡುಬಳೆ ಮುಟ್ಟಲಿಲ್ಲ, ಹಾಗಾಗಿ "ಮನೆಮಂದಿಯೆಲ್ಲ" ಸುಳ್ಳು. ಅವರು ಹೊಗಳಿದ್ದು ಚಕ್ಕುಲಿಯನ್ನು, ಡಬ್ಬಿಯನ್ನಲ್ಲ. ಅಜ್ಜಿಯ ಕೈರುಚಿ ಎಂದು ಅವರು ಹೇಳಲೇ ಇಲ್ಲ. ಇಪ್ಪತ್ತು ದಿನ ಇತ್ತು ಎಂದರು, ಖಾತ್ರಿ ಕೊಡಲಿಲ್ಲ. ಓದುವವರಿಗೆ ಇದು ಯಾರೋ ಬರೆದ ಜಾಹೀರಾತಿನ ಮಾತು ಎಂದು ತಕ್ಷಣ ಗೊತ್ತಾಗುತ್ತದೆ. ಅತ್ತೆ ಎರಡು ಸಲ ಕೇಳಿ ಹಾಕಿಸಿಕೊಂಡದ್ದು ಇಡೀ ಮೆಸೇಜ್‌ನಲ್ಲೇ ಚಿನ್ನದಂಥ ಸಾಲು. ಅದನ್ನೇ ಬಿಟ್ಟು, ಎಲ್ಲರೂ ಬರೆಯುವುದನ್ನು ಬರೆದಂತಾಯಿತು.

ಈಗ ಸರಿಯಾಗಿ ಮಾಡೋಣ. ಒಂದೊಂದೇ ತುಂಡು.

"ಒಂದಿನ ಲೇಟು." ಇದನ್ನು ತೆಗೆಯಬಹುದಾ? ಜಾಹೀರಾತು ರುಚಿಯ ಬಗ್ಗೆ ಮಾತ್ರ ಇದ್ದರೆ ತೆಗೆಯಬಹುದು. ಆದರೆ ಅದೇ ಪಾಂಪ್ಲೆಟ್‌ನಲ್ಲಿ ನೀವು "ಹಬ್ಬಕ್ಕೆ ಮುಂಚೆ ಮನೆ ಬಾಗಿಲಿಗೆ" ಎಂದು ದೊಡ್ಡಕ್ಷರದಲ್ಲಿ ಬರೆದು, ಕೆಳಗೆ ತಡವಾಗಿ ಪಡೆದವರ ಹೊಗಳಿಕೆ ಹಾಕಿ, ತಡವಾದದ್ದನ್ನು ಕತ್ತರಿಸಿದರೆ ಅದು ಮೋಸ. ಆಗ ಈ ಗ್ರಾಹಕರ ಮಾತು ಆ ಜಾಹೀರಾತಿಗೆ ಬೇಡ. ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟೇ: ಜಾಹೀರಾತು ಯಾವ ವಿಷಯದಲ್ಲಿ ಭರವಸೆ ಕೊಡುತ್ತದೋ, ಆ ವಿಷಯದಲ್ಲಿ ಗ್ರಾಹಕರು ಹೇಳಿದ ಕೊರತೆಯನ್ನು ಕತ್ತರಿಸುವಂತಿಲ್ಲ.

"ಕೋಡುಬಳೆ ಖಾರ ಜಾಸ್ತಿ." ಇದೇ ಲೆಕ್ಕ ಇಲ್ಲೂ. ಚಕ್ಕುಲಿಯ ಜಾಹೀರಾತಾದರೆ ಈ ಸಾಲು ಬೇಕಿಲ್ಲ. ಇಡೀ ಡಬ್ಬಿಯ ಜಾಹೀರಾತಾದರೆ, ಹೊಗಳಿಕೆ ಚಕ್ಕುಲಿಗೆ ಮಾತ್ರ ಎಂದು ಓದುವವರಿಗೆ ಗೊತ್ತಾಗುವಂತೆ "ಚಕ್ಲಿ" ಎಂಬ ಪದವನ್ನು ಉಳಿಸಲೇಬೇಕು. ಆ ಒಂದು ಪದವನ್ನು ತೆಗೆದು ಬರೀ "ತುಂಬ ಚೆನ್ನಾಗಿದೆ" ಎಂದು ಡಬ್ಬಿಯ ಚಿತ್ರದ ಕೆಳಗೆ ಹಾಕಿದರೆ ಮಾತಿನ ಅರ್ಥವೇ ಬದಲಾಗುತ್ತದೆ.

"ಎಣ್ಣೆ ವಾಸನೆ ಒಂಚೂರೂ ಇಲ್ಲ." ಮತ್ತೆ ಓದಿ. ಈ ಸಾಲು ಬಂದಿರುವುದು ಕೋಡುಬಳೆಯ ಸಾಲಿನ ನಂತರ. ಅವರು ಹೇಳಿದ್ದು ಚಕ್ಕುಲಿಗೋ, ಕೋಡುಬಳೆಗೋ, ಎರಡಕ್ಕೋ? ನಮಗೆ ಗೊತ್ತಿಲ್ಲ. ಚಕ್ಕುಲಿಯ ಪಕ್ಕಕ್ಕೆ ಎಳೆದು ತರುವ ಮುಂಚೆ ಅವರನ್ನೇ ಕೇಳಬೇಕು. ಇಂಥ ಜಾಗದಲ್ಲೇ ಜಾಸ್ತಿ ಜನ ಎಡವುತ್ತಾರೆ, ಯಾಕೆಂದರೆ ಪದಗಳೆಲ್ಲ ಗ್ರಾಹಕರದೇ, ಜೋಡಿಸಿದ್ದು ಮಾತ್ರ ನಾವು.

"ಇಪ್ಪತ್ತು ದಿನ ಆದರೂ ಗರಿಗರಿ." ಇದು ಅನಿಸಿಕೆ ಅಲ್ಲ, ಅಳತೆ. ನಿಮ್ಮ ಪ್ಯಾಕೆಟ್ ಮೇಲೆ 15 ದಿನದೊಳಗೆ ಬಳಸಿ ಎಂದಿದ್ದರೆ, ಗ್ರಾಹಕರ ಬಾಯಲ್ಲಿ 20 ದಿನ ಹೇಳಿಸುವಂತಿಲ್ಲ. ಅವರು ಹೇಳಿದ್ದು ನಿಜವೇ ಇರಬಹುದು. ಆದರೆ ಜಾಹೀರಾತಿಗೆ ಬಂದ ಕೂಡಲೇ ಅದು ನೀವು ಕೊಟ್ಟ ಮಾತಾಗುತ್ತದೆ. ದಿನ, ತೂಕ, ಬೆಲೆ, ಅಂಕಿ ಯಾವುದೇ ಬಂದರೂ "ಇದಕ್ಕೆ ನಾನು ಜವಾಬ್ದಾರಿ ಹೊರಬಲ್ಲೆನಾ?" ಎಂದು ಕೇಳಿಕೊಳ್ಳಿ. ಜೊತೆಗೆ ಇದು "ಹೋದ್ಸಲದ್ದು", ಈ ಡಬ್ಬಿಯದ್ದಲ್ಲ. ಬಿಟ್ಟುಬಿಡೋಣ.

"ನಮ್ಮತ್ತೆಗೆ ಹೊರಗಿಂದು ಯಾವ್ದೂ ಹಿಡ್ಸಲ್ಲ." ಸೊಸೆ ನಂಬಿಕೆಯಿಂದ ನಿಮಗೆ ಬರೆದದ್ದು. ಹೆಸರು, ಊರಿನ ಜೊತೆ ಅದು ಅಚ್ಚಾಗಿ ಅತ್ತೆಯ ಕೈಗೆ ಸಿಕ್ಕರೆ? ಮಾತಿನಲ್ಲಿ ಮೂರನೆಯವರು ಬಂದರೆ ಅವರಿಗೂ ಗೊತ್ತಿರಬೇಕು. "ಅತ್ತೆಯವರಿಗೂ ತೋರಿಸಿ ಹೇಳ್ತೀರಾ?" ಎಂದು ಕೇಳಿ.

ಈ ಎರಡು ಪ್ರಶ್ನೆ ಕಳಿಸಿದಾಗ ಗ್ರಾಹಕಿ, "ಎಣ್ಣೆ ವಾಸನೆ ಎರಡಕ್ಕೂ ಅಂದೆ ಅಕ್ಕ. ಅತ್ತೆಗೆ ಓದಿ ಹೇಳ್ದೆ, ಎರಡು ಸಲ ಹಾಕಿಸ್ಕೊಂಡಿದ್ದು ಹಾಕಲಿ, ಹಿಡಿಸಲ್ಲ ಅನ್ನೋದು ಬೇಡ ಅಂದ್ರು" ಎಂದು ಉತ್ತರಿಸಿದರು ಎಂದುಕೊಳ್ಳಿ. ಹೆಸರು ಬೇಡ, ಊರು ಸಾಕು ಎಂದೂ ಹೇಳಿದರು. ಆಗ ಜಾಹೀರಾತಿಗೆ ಹೋಗುವ ಸಾಲು ಇದು:

"ಚಕ್ಲಿ ತುಂಬ ಚೆನ್ನಾಗಿದೆ, ನಮ್ಮತ್ತೆ… ಎರಡು ಸಲ ಕೇಳಿ ಹಾಕಿಸ್ಕೊಂಡ್ರು… ಎಣ್ಣೆ ವಾಸನೆ ಒಂಚೂರೂ ಇಲ್ಲ."
ಗ್ರಾಹಕಿ, ದಾವಣಗೆರೆ. ಗಣೇಶ ಹಬ್ಬದ ಡಬ್ಬಿಯ ಬಗ್ಗೆ.

ಒಂದು ಸಣ್ಣ ಬದಲಾವಣೆ ಗಮನಿಸಿ. "ನಮ್ಮತ್ತೆಗೆ" ಇದ್ದದ್ದು "ನಮ್ಮತ್ತೆ" ಆಗಿದೆ. ನಡುವಿನ ಮಾತು ಹೋದಾಗ ವಾಕ್ಯ ಸೇರಿಕೊಳ್ಳಲು ಅಷ್ಟು ಬೇಕಾಯಿತು. ಕಾಗುಣಿತ ಸರಿಮಾಡುವುದು, ಚುಕ್ಕಿ ಹಾಕುವುದು, ಹೀಗೆ ವಿಭಕ್ತಿ ಹೊಂದಿಸುವುದು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಕನ್ನಡ ಅಕ್ಷರಕ್ಕೆ ತರುವುದು, ಇಷ್ಟು ನಿಮ್ಮ ಕೈಯಲ್ಲಿದೆ. ಮಾತು ಬಿಟ್ಟ ಕಡೆ ಮೂರು ಚುಕ್ಕಿ ಇರಲೇಬೇಕು. "ಗಣೇಶ ಹಬ್ಬದ ಡಬ್ಬಿ" ಎಂದು ಕೆಳಗೆ ಹಾಕಿದ್ದೂ ಸುಮ್ಮನೆ ಅಲ್ಲ. ಮೇಲೆ "ದೀಪಾವಳಿ ವಿಶೇಷ" ಎಂದು ಬರೆದು ಕೆಳಗೆ ದಿನ ಹೇಳದ ಹೊಗಳಿಕೆ ಹಾಕಿದರೆ, ಜನ ಅದನ್ನು ಈ ದೀಪಾವಳಿ ಡಬ್ಬಿಗೇ ಬಂದ ಹೊಗಳಿಕೆ ಎಂದುಕೊಳ್ಳುತ್ತಾರೆ.

ಪದದ ತೂಕ ಏರಿಸಬೇಡಿ. ನಮ್ಮ ಮಾತಿನಲ್ಲಿ "ಪರವಾಗಿಲ್ಲ", "ಚೆನ್ನಾಗಿದೆ", "ತುಂಬಾ ಚೆನ್ನಾಗಿದೆ", "ಇಂಥದ್ದು ಎಲ್ಲೂ ತಿಂದಿಲ್ಲ" ಎಂದು ಮೆಟ್ಟಿಲುಗಳಿವೆ. ಗ್ರಾಹಕರು ನಿಂತ ಮೆಟ್ಟಿಲಲ್ಲೇ ಅವರನ್ನು ಬಿಡಿ. ಶುರುವಿನ ದಿನಗಳಲ್ಲಿ ಹುಬ್ಬಳ್ಳಿ ಕಡೆಯವರೊಬ್ಬರ "ಭಾಳ ಚಲೋ ಆಗಿದ್ವು ನೋಡ್ರಿ" ಎಂಬ ಮಾತನ್ನು ನಾನು "ಅತ್ಯದ್ಭುತ ರುಚಿ" ಎಂದು ಮಾಡಿದ್ದೆ. "ನಾ ಹಂಗ ಮಾತಾಡಂಗಿಲ್ರಿ" ಎಂದು ಅವರು ಫೋನ್ ಮಾಡಿದರು. ಅವರು ಹೇಳಿದ್ದು ಸರಿ. ಆವತ್ತಿನಿಂದ ಧಾರವಾಡದ ಮಾತು, ಮಂಗಳೂರಿನ ಮಾತು, ಮಂಡ್ಯದ ಮಾತು ಯಾವುದನ್ನೂ ಪುಸ್ತಕದ ಕನ್ನಡಕ್ಕೆ ತಿರುಗಿಸುವುದಿಲ್ಲ. ಇಂಗ್ಲಿಷಿನಲ್ಲಿ "ನೈಸ್" ಎಂದು ಬರೆದವರ ಮಾತು ಕನ್ನಡಕ್ಕೆ ಬಂದರೆ "ಚೆನ್ನಾಗಿದೆ" ಆಗಬೇಕು, ಅಷ್ಟೇ. ಅನುವಾದ ಮಾಡಿದ ಸಾಲನ್ನೂ ಅವರಿಗೆ ತೋರಿಸಿ.

ಇಬ್ಬರ ಮಾತನ್ನು ಬೆಸೆದು ಒಬ್ಬರದು ಮಾಡಬೇಡಿ. ಒಬ್ಬರ ಚಕ್ಕುಲಿ, ಇನ್ನೊಬ್ಬರ ರವೆ ಉಂಡೆ ಸೇರಿ ಒಂದು ಒಳ್ಳೆಯ ಸಾಲು ಆಗುತ್ತದೆ, ಆದರೆ ಹಾಗೆ ಹೇಳಿದ ಮನುಷ್ಯರೇ ಇರುವುದಿಲ್ಲ.

5. ಆರೋಗ್ಯದ ಹೊಗಳಿಕೆ ಬಂದರೆ

ಸಿರಿಧಾನ್ಯದ ಉಂಡೆ, ಬೆಲ್ಲದ ತಿಂಡಿ ಮಾರುವವರಿಗೆ "ಇದನ್ನ ತಿಂದ ಮೇಲೆ ನಮ್ಮ ಅಪ್ಪನ ಶುಗರ್ ಕಂಟ್ರೋಲ್‌ಗೆ ಬಂತು" ಎಂಬ ಮೆಸೇಜ್ ಬರುತ್ತಿರುತ್ತದೆ. ಗ್ರಾಹಕರು ಮನಸಾರೆ ಬರೆದಿದ್ದರೂ, ಒಪ್ಪಿಗೆ ಕೊಟ್ಟರೂ ಇದನ್ನು ಹಾಕಬೇಡಿ. ಆಹಾರದ ಜಾಹೀರಾತಿಗೆಂದೇ 2018ರಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ ಮಾಡಿದೆ. ಅನುಮತಿ ಇಲ್ಲದೆ, ತಿಂಡಿಯಿಂದ ಕಾಯಿಲೆ ವಾಸಿಯಾಗುತ್ತದೆ, ಬರದಂತೆ ತಡೆಯುತ್ತದೆ ಎಂದು ಹೇಳುವಂತಿಲ್ಲ. "ನಾನು ಹೇಳಲಿಲ್ಲ, ಗ್ರಾಹಕರು ಹೇಳಿದರು" ಎನ್ನುವುದು ಇಲ್ಲಿ ನಡೆಯುವುದಿಲ್ಲ. ಅದನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಎಂದು ಯೋಚಿಸಿ. ಅದೇ ಮೆಸೇಜ್‌ನಲ್ಲಿ "ಸಿಹಿ ಹದವಾಗಿದೆ" ಎಂದಿದ್ದರೆ, ಅಷ್ಟನ್ನೇ ಕೇಳಿ ಹಾಕಿ.

6. ಸ್ಕ್ರೀನ್‌ಶಾಟ್, ಹೆಸರು, ಮುಖ

ಸ್ಕ್ರೀನ್‌ಶಾಟನ್ನೇ ಹಾಕುವುದು ಈಗ ವಾಡಿಕೆ. ಹಾಕಿ, ಆದರೆ ನಂಬರ್, ಪ್ರೊಫೈಲ್ ಫೋಟೊ, ಮೇಲೆ ಕೆಳಗೆ ಇರುವ ವಿಳಾಸ, ಹಣ ಕಳಿಸಿದ ವಿವರ ಎಲ್ಲ ಕತ್ತರಿಸಿ. ಫೋನಿನ ಹೈಲೈಟರ್ ಪೆನ್ನಿನಿಂದ ನಂಬರ್ ಮೇಲೆ ಕಪ್ಪು ಎಳೆದರೆ ಸಾಲದು. ಆ ಬಣ್ಣ ಪೂರ್ತಿ ಮುಚ್ಚುವುದಿಲ್ಲ, ಚಿತ್ರದ ಬೆಳಕು ಹೆಚ್ಚಿಸಿದರೆ ಅಂಕಿ ಕಾಣುತ್ತದೆ. ಆ ಭಾಗವನ್ನೇ ಕತ್ತರಿಸುವುದು ಸುರಕ್ಷಿತ. ಸ್ಕ್ರೀನ್‌ಶಾಟ್‌ನ ಒಳಗೆ ಪದ ಬದಲಿಸಬೇಡಿ. ತಿದ್ದಿದ ಸಾಲು ಬೇಕಿದ್ದರೆ ಅದನ್ನು ಬೇರೆಯಾಗಿ ಬರೆದು ಹಾಕಿ.

ಹೆಸರು ಬೇಡ ಎಂದವರಿಗೆ ನಿಮಗೆ ತೋಚಿದ ಹೆಸರು ಇಡಬೇಡಿ. "ಗ್ರಾಹಕಿ, ದಾವಣಗೆರೆ" ಎಂದರೆ ಸಾಕು. ಸಣ್ಣ ಊರಾದರೆ ಇನ್ನೂ ಎಚ್ಚರ ಬೇಕು. "ಶಿಕ್ಷಕಿ" ಎಂದು ಹಾಕಿ ಊರಿನ ಹೆಸರೂ ಬರೆದರೆ, ಹೆಸರು ಬೇರೆ ಹಾಕಬೇಕಿಲ್ಲ, ಊರಿಗೇ ಗೊತ್ತಾಗುತ್ತದೆ. ಆಗ ಜಿಲ್ಲೆ ಹಾಕಿ. ಇಂಟರ್‌ನೆಟ್‌ನಿಂದ ಯಾರದೋ ನಗುಮುಖದ ಫೋಟೊ ತಂದು ಪಕ್ಕದಲ್ಲಿ ಅಂಟಿಸುವುದಂತೂ ಬೇಡವೇ ಬೇಡ. ಮುಖ ಬೇಕೇ ಬೇಕು ಅನಿಸಿದರೆ ಚಕ್ಕುಲಿಯ ಫೋಟೊ ಹಾಕಿ, ನಿಮ್ಮ ಒರಳಿನ ಫೋಟೊ ಹಾಕಿ.

7. ಅಚ್ಚಿಗೆ ಕೊಡುವ ಮುಂಚೆ ಒಂದು ಸಲ ತೋರಿಸಿ

ಪಾಂಪ್ಲೆಟ್‌ನ ವಿನ್ಯಾಸ ಮುಗಿದ ಮೇಲೆ, ಅಚ್ಚಿಗೆ ಹೋಗುವ ಮುಂಚೆ, ಆ ಚಿತ್ರವನ್ನೇ ಗ್ರಾಹಕರಿಗೆ ಕಳಿಸಿ. ಬರೀ ಸಾಲು ಕಳಿಸಿದ್ದು ಸಾಲದು. ತಮ್ಮ ಮಾತು ಯಾವ ಚಿತ್ರದ ಕೆಳಗೆ, ಯಾವ ಶೀರ್ಷಿಕೆಯ ಪಕ್ಕ ಕೂತಿದೆ ಎಂದು ಅವರು ನೋಡಬೇಕು. ಪ್ರಿಂಟಿಂಗ್ ಪ್ರೆಸ್‌ನ ವಿನ್ಯಾಸಗಾರರು ಜಾಗ ಸಾಲದೆ ಒಂದು ಪದ ಬಿಟ್ಟಿರುತ್ತಾರೆ, ಚೆಂದ ಕಾಣಲಿ ಎಂದು ಒಂದು ಆಶ್ಚರ್ಯ ಚಿಹ್ನೆ, ಐದು ನಕ್ಷತ್ರ ಸೇರಿಸಿರುತ್ತಾರೆ. ಗ್ರಾಹಕರು ನಕ್ಷತ್ರ ಕೊಡದೆ ಇದ್ದರೆ ಆ ನಕ್ಷತ್ರಗಳೂ ಸೇರಿಸಿದ ಹೊಗಳಿಕೆಯೇ, ತೆಗೆಸಿ. ನೀವೇ ಒಂದು ಸಲ ನೋಟ್‌ಬುಕ್ ತೆರೆದು, ಮೂಲ ಮೆಸೇಜ್ ಪಕ್ಕದಲ್ಲಿಟ್ಟು ಪದ ಪದ ತಾಳೆ ನೋಡಿ. ಐದು ನಿಮಿಷದ ಕೆಲಸ.

8. ಹಬ್ಬದ ನಡುವೆ ಯಾರಾದರೂ "ಬೇಡ" ಎಂದರೆ

ಕಾರಣ ಕೇಳಬೇಡಿ. ಅವತ್ತೇ ಸ್ಟೇಟಸ್, ಪೋಸ್ಟ್ ತೆಗೆದು "ತೆಗೆದಿದ್ದೇವೆ" ಎಂದು ಮೆಸೇಜ್ ಹಾಕಿ. ನಿಮ್ಮ ಪೋಸ್ಟರ್ ಅನ್ನು ಬೇರೆ ಗ್ರೂಪ್‌ಗಳಿಗೆ ಹಂಚಿದವರಿಗೆ ಹೊಸ ಪೋಸ್ಟರ್ ಕಳಿಸಿ, ಹಳೆಯದನ್ನು ಅಳಿಸಲು ಹೇಳಿ. ಪಾಂಪ್ಲೆಟ್ ಇನ್ನೂ ಹಂಚದೆ ಉಳಿದಿದ್ದರೆ ಪೇಪರ್ ಹಾಕುವವರಿಗೆ ಕೊಡಬೇಡಿ. ಹಂಚಿ ಆಗಿದ್ದರೆ, ಎಷ್ಟು ಹೋಗಿದೆ, ಎಷ್ಟು ನಿಲ್ಲಿಸಿದಿರಿ ಎಂದು ಇದ್ದದ್ದು ಇದ್ದಂತೆ ಗ್ರಾಹಕರಿಗೆ ಹೇಳಿ. ಇಂಥ ಸಂದರ್ಭಕ್ಕೆಂದೇ ಒಪ್ಪಿಗೆ ಸಿಕ್ಕ ಒಂದೆರಡು ಮಾತನ್ನು ಬಳಸದೆ ಎತ್ತಿಟ್ಟುಕೊಂಡಿರಿ, ಖಾಲಿ ಜಾಗಕ್ಕೆ ಅದು ಹೋಗುತ್ತದೆ.

ತುಳಸಿ ಹಬ್ಬದ ಮರುದಿನ ನೋಟ್‌ಬುಕ್ ತೆರೆದು, ಹೇಳಿದ ಹಾಗೆ ಒಂದೊಂದನ್ನೇ ತೆಗೆಯಿರಿ. ಸಂಕ್ರಾಂತಿಗೆ ಅದೇ ಮಾತು ಬೇಕಿದ್ದರೆ ಹೊಸದಾಗಿ ಕೇಳಬೇಕು. ದೀಪಾವಳಿಗೆ ಸಿಕ್ಕ ಒಪ್ಪಿಗೆ ದೀಪಾವಳಿಗೆ ಮಾತ್ರ.